ಶೇಷದ ಲೆಕ್ಕ: ಭಾಜಕಗಳಿಗೆ ಸಾಮಾನ್ಯ ಅಪವರ್ತನ ಇದ್ದಾಗ

ಪ್ರಶ್ನೆ: ಸಿಂಧನೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿದ್ದೀನಿ. ಅಕ್ಕಿ ಚೀಲಗಳನ್ನು 12ರ ಸಾಲಾಗಿ ಇಟ್ಟರೆ 7 ಉಳಿಯುತ್ತವೆ, 18ರ ಸಾಲಾಗಿ ಇಟ್ಟರೆ 1, 5ರ ಸಾಲಾಗಿ ಇಟ್ಟರೆ 3. ಕನಿಷ್ಠ ಎಷ್ಟು ಚೀಲ? ಚೀನೀ ಶೇಷ ಪ್ರಮೇಯದ ಸೂತ್ರ ಕೂಡಲಿಲ್ಲ, ಹೇಗೋ ಮಾಡಿ 883 ತಂದೆ. ತಾಳೆ ನೋಡಿದರೆ ಮೂರೂ ಶೇಷ ಸರಿ ಇವೆ. ಕೀ ಉತ್ತರದಲ್ಲಿ 163 ಅಂತಿದೆ. ಯಾರದು ತಪ್ಪು?

ಉತ್ತರ:

ಕೀ ಉತ್ತರ ಸರಿ ಇದೆ. ನಿಮ್ಮ 883 ಕೂಡ ಮೂರೂ ಷರತ್ತಿಗೆ ಹೊಂದುತ್ತದೆ, ಆದರೆ ಅದು ಕನಿಷ್ಠವಲ್ಲ. ಎಲ್ಲಿ ಜಾರಿತು ಅಂತ ನನಗೆ ಅಂದಾಜಿದೆ. ಗಂಗಾವತಿಯಲ್ಲಿ ಸಂಜೆ ಹುಡುಗರಿಗೆ ಲೆಕ್ಕ ಹೇಳಿಕೊಡ್ತೀನಿ, ಈ ಜಾಗದಲ್ಲಿ ಸಿಕ್ಕಿಬೀಳುವವರು ಬಹಳ ಮಂದಿ.

ಮೊದಲು ಸೂತ್ರ ಯಾಕೆ ಕೂಡಲಿಲ್ಲ ನೋಡ್ರಿ. 18ನ್ನು ಬಿಟ್ಟು 12 ಮತ್ತು 5 ಮಾತ್ರ ತಗೊಳ್ಳಿ. ಇವು ಸಹ ಅವಿಭಾಜ್ಯ, ಅಂದರೆ 1 ಬಿಟ್ಟರೆ ಸಾಮಾನ್ಯ ಅಪವರ್ತನವಿಲ್ಲ. 5ರ ಅಪವರ್ತ್ಯವಾಗಿದ್ದು 12ರಿಂದ ಭಾಗಿಸಿದರೆ 1 ಉಳಿಯುವ ಸಂಖ್ಯೆ 25. 12ರ ಅಪವರ್ತ್ಯವಾಗಿದ್ದು 5ರಿಂದ ಭಾಗಿಸಿದರೆ 1 ಉಳಿಯುವುದು 36. ಶೇಷಗಳಿಂದ ಗುಣಿಸಿ ಕೂಡಿಸಿದರೆ 7×25 + 3×36 = 283. ಅದರಲ್ಲಿ 60ರ ಅಪವರ್ತ್ಯ 240 ಕಳೆದರೆ 43. ಸೂತ್ರದೊಳಗೆ ಇರುವುದು ಇಷ್ಟೇ.

ಇದನ್ನೇ 12 ಮತ್ತು 18ಕ್ಕೆ ಮಾಡಲು ಹೋಗಿ. 18ರ ಅಪವರ್ತ್ಯಗಳನ್ನು 12ರಿಂದ ಭಾಗಿಸಿದರೆ ಶೇಷ 6 ಇಲ್ಲವೇ 0, ಎಷ್ಟು ದೂರ ಹೋದರೂ 1 ಸಿಗುವುದಿಲ್ಲ. ವಿಲೋಮ ಇಲ್ಲ ಅನ್ನುವುದರ ಅರ್ಥ ಇದೇ. ಹಾಗಂತ ಲೆಕ್ಕಕ್ಕೆ ಉತ್ತರವಿಲ್ಲ ಅಂತಲ್ಲ.

ಉತ್ತರ ಇದೆಯೋ ಇಲ್ಲವೋ ಎಂಬುದನ್ನು ಮ.ಸಾ.ಅ. ಹೇಳುತ್ತದೆ. 12 ಮತ್ತು 18ರ ಮ.ಸಾ.ಅ. 6. ಒಂದು ಸಂಖ್ಯೆಯನ್ನು 12ರಿಂದ ಭಾಗಿಸಿ 7 ಉಳಿದರೆ, 6ರಿಂದ ಭಾಗಿಸಿದಾಗ 1 ಉಳಿಯಲೇಬೇಕು. 18ರಿಂದ ಭಾಗಿಸಿ 1 ಉಳಿದರೂ ಹಾಗೆಯೇ, 6ರಿಂದ 1. ಎರಡು ಷರತ್ತೂ 6ರ ಬಗ್ಗೆ ಒಂದೇ ಮಾತು ಹೇಳುತ್ತಿವೆ, ಹಾಗಾಗಿ ಉತ್ತರ ಇದೆ. ಬೇಗ ನೋಡಬೇಕಿದ್ದರೆ ಶೇಷಗಳ ವ್ಯತ್ಯಾಸವನ್ನು (7 − 1 = 6) ಮ.ಸಾ.ಅ.ದಿಂದ ಭಾಗಿಸಿ, ನಿಶ್ಶೇಷವಾಗಿ ಹೋಗಬೇಕು. 18ರ ಸಾಲಿನಲ್ಲಿ 3 ಉಳಿಯುತ್ತವೆ ಅಂತ ಕೊಟ್ಟಿದ್ದರೆ? ಎರಡೂ ಬೆಸ ಸಂಖ್ಯೆ ಅಂತಲೇ ಹೇಳುತ್ತಿದ್ದವು, ಮೇಲ್ನೋಟಕ್ಕೆ ಸರಿ ಕಾಣುತ್ತಿತ್ತು. ಆದರೆ 3ರಿಂದ ಭಾಗಿಸಿದಾಗ ಒಂದು ಷರತ್ತು 1 ಉಳಿಯಬೇಕು ಅನ್ನುತ್ತದೆ, ಇನ್ನೊಂದು 0 ಅನ್ನುತ್ತದೆ. ಅಂಥ ಸಂಖ್ಯೆಯೇ ಇಲ್ಲ. ಮೂರು ನಾಲ್ಕು ಷರತ್ತಿದ್ದರೆ ಪ್ರತಿ ಜೋಡಿಯನ್ನೂ ಹೀಗೆ ನೋಡಬೇಕು. ಎಲ್ಲ ಜೋಡಿಯೂ ಹೊಂದಿದರೆ ಒಟ್ಟಿಗೂ ಹೊಂದುತ್ತವೆ.

ಈಗ ನಿಮ್ಮ ಲೆಕ್ಕ. ಮೊದಲ ಷರತ್ತಿನಿಂದ x = 7 + 12k. ಇದನ್ನು ಎರಡನೆಯದರಲ್ಲಿ ಹಾಕಿದರೆ 12k ≡ −6, ಅಂದರೆ

12k ≡ 12 (mod 18)

ನೀವು ಜಾರಿದ್ದು ಬಹುಶಃ ಇಲ್ಲಿ. ಎರಡೂ ಕಡೆ 12 ಹೊಡೆದು k ≡ 1 (mod 18) ಅಂತ ಬರೆದಿರುತ್ತೀರಿ. 6ರಿಂದ ಭಾಗಿಸುವಾಗ 18ನ್ನೂ ಭಾಗಿಸಬೇಕು: 2k ≡ 2 (mod 3), ಅಂದರೆ k ≡ 1 (mod 3). ಎರಡು ದಾರಿಯಲ್ಲೂ ಮೊದಲ ಉತ್ತರ 19, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಹೆಜ್ಜೆ ಬೇರೆ. ಸರಿ ದಾರಿಯಲ್ಲಿ 36, ಅಂದರೆ 12 ಮತ್ತು 18ರ ಲ.ಸಾ.ಅ. ನಿಮ್ಮ ದಾರಿಯಲ್ಲಿ 216, ಅಂದರೆ 12×18. ಸರಿ ಪಟ್ಟಿ 19, 55, 91, 127, 163, 199... ನಿಮ್ಮ ಪಟ್ಟಿಯಲ್ಲಿ 19 ಆದಮೇಲೆ ನೇರ 235, ನಡುವಿನ ಐದೂ ಮಾಯ.

5ರಿಂದ ಭಾಗಿಸಿ 3 ಉಳಿಯಬೇಕಲ್ಲ, ಮೊದಲ ಪಟ್ಟಿಯಲ್ಲಿ ಅದು 163ಕ್ಕೆ ಸಿಗುತ್ತದೆ. 216ರ ಹೆಜ್ಜೆ ಹಾಕಿದರೆ 19 + 4×216 = 883. ನಿಮ್ಮ ಸಂಖ್ಯೆ ಹುಟ್ಟಿದ್ದು ಹೀಗೆ. ಎಲ್ಲ ಉತ್ತರಗಳೂ 180ರ ಅಂತರದಲ್ಲಿ ಬರುತ್ತವೆ, 883 − 4×180 = 163. ಇನ್ನು ಮುಂದೆ ತಾಳೆ ನೋಡುವಾಗ ಶೇಷಗಳ ಜೊತೆಗೆ, ಉತ್ತರ ಎಲ್ಲ ಭಾಜಕಗಳ ಲ.ಸಾ.ಅ.ಕ್ಕಿಂತ ಕಡಿಮೆ ಇದೆಯೇ ಅಂತಲೂ ನೋಡಿ.

ಇಂಥ ಲೆಕ್ಕ ಚೀನಾದ್ದು ಮಾತ್ರ ಅಂದುಕೊಳ್ಳಬೇಡಿ. ಎರಡು ಶೇಷಗಳನ್ನು ಕೂಡಿಸುವ ಕುಟ್ಟಕ ವಿಧಾನವನ್ನು ಆರ್ಯಭಟ ಕ್ರಿ.ಶ. 499ರಲ್ಲೇ ಕೊಟ್ಟಿದ್ದಾನೆ. ಅದನ್ನು ಮುಂದುವರಿಸಿದ ಮಹಾವೀರಾಚಾರ್ಯ ಇದ್ದದ್ದು 9ನೇ ಶತಮಾನದಲ್ಲಿ, ನಮ್ಮ ಪಕ್ಕದ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ.

ಸೂತ್ರವನ್ನೇ ಬಳಸುವ ಹಟ ಇದ್ದರೆ ಅದಕ್ಕೂ ದಾರಿ ಇದೆ, ಆದರೆ ಮ.ಸಾ.ಅ. ಪರೀಕ್ಷೆ ಮುಗಿದ ಮೇಲೆ ಮಾತ್ರ. 12 = 4×3, 18 = 2×9. 2ರ ಘಾತಗಳಲ್ಲಿ ದೊಡ್ಡದು 4, ಅದು 12ರಲ್ಲಿದೆ. 7ನ್ನು 4ರಿಂದ ಭಾಗಿಸಿದರೆ 3. 3ರ ಘಾತಗಳಲ್ಲಿ ದೊಡ್ಡದು 9, ಅದು 18ರಲ್ಲಿದೆ, ಶೇಷ 1. ಚಿಕ್ಕ 2 ಮತ್ತು 3 ಹೇಳುವುದು ಇವುಗಳಲ್ಲೇ ಅಡಗಿದೆ, ಬಿಟ್ಟುಬಿಡಿ. ಈಗ ಭಾಜಕಗಳು 4, 9, 5, ಎಲ್ಲವೂ ಪರಸ್ಪರ ಸಹ ಅವಿಭಾಜ್ಯ. ಮೊದಲು ಮಾಡಿದಂತೆಯೇ ಹುಡುಕಿದರೆ ಬೇಕಾದ ಸಂಖ್ಯೆಗಳು 45, 100, 36. 3×45 + 1×100 + 3×36 = 343, ಅದರಲ್ಲಿ 180 ಕಳೆದರೆ 163.