ಹುಟ್ಟುಹಬ್ಬದ ಶುಭಾಶಯದಲ್ಲಿ ನಮ್ಮೊಳಗಿನ ತಮಾಷೆ

ಪ್ರಶ್ನೆ: ವಿರಾಜಪೇಟೆಯ ನಮ್ಮ ಶಾಲೆಯ ಹಿರಿಯ ಮೇಷ್ಟ್ರ ಹುಟ್ಟುಹಬ್ಬಕ್ಕೆ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ‘ಮಂಜು ಈಗ ಸರಿಯುತ್ತದೆ, ಸರ್’ ಎಂದು ಹಾಕಬೇಕೆಂದಿದ್ದೇನೆ. ತಲಕಾವೇರಿ ಪ್ರವಾಸದಲ್ಲಿ ಮೇಷ್ಟ್ರು ಹಾಗೆನ್ನುತ್ತಲೇ ನಮ್ಮನ್ನು ಮಂಜಿನಲ್ಲಿ ಕಾಯಿಸಿದ್ದರಿಂದ ಬಂದ ತಮಾಷೆ ಅದು. ಸಂಬಳ ತಡವಾದರೂ ನಾವು ಅದನ್ನೇ ಹೇಳುತ್ತೇವೆ. ಈ ವರ್ಷ ಸೇರಿದ ಮೂವರಿಗೆ ಹೊರಗಿನವರೆಂದು ಅನ್ನಿಸೀತೇ?

ಉತ್ತರ: ಈಗಿರುವ ರೂಪದಲ್ಲಿ ಹಾಕಿದರೆ ಅನ್ನಿಸಬಹುದು. ದೊಡ್ಡ ಗುಂಪಿನಲ್ಲಿ ಇಬ್ಬರಿಗಷ್ಟೇ ತಿಳಿಯುವ ಮಾತು ಬಂದಾಗ ಉಳಿದವರು ಅದನ್ನು ಆ ಇಬ್ಬರ ಸಲಿಗೆ ಎಂದುಕೊಂಡು ಮುಂದಿನ ಸಂದೇಶಕ್ಕೆ ಹೋಗುತ್ತಾರೆ. ಆದರೆ ನಿಮ್ಮಲ್ಲಿ ಹೆಚ್ಚಿನವರಿಗೆ ತಮಾಷೆ ಗೊತ್ತು, ಮೂವರಿಗೆ ಮಾತ್ರ ಗೊತ್ತಿಲ್ಲ. ಎಲ್ಲರೂ ಒಂದರ ಹಿಂದೊಂದು ನಗುವಿನ ಚಿತ್ರ ಹಾಕುತ್ತಿರುವಾಗ, ತಾವು ನಗಬೇಕೋ ಬೇಡವೋ ಎಂದು ತಿಳಿಯದೆ ಕುಳಿತವರಿಗೆ ಆಗುವ ಮುಜುಗರ ಸಣ್ಣದಲ್ಲ. ಗೊತ್ತಿಲ್ಲದವರು ಕಡಿಮೆಯಾದಷ್ಟೂ ಅದು ಹೆಚ್ಚು ಚುಚ್ಚುತ್ತದೆ.

ಹಾಗೆಂದು ತಮಾಷೆಯನ್ನು ಬಿಡಬೇಕಿಲ್ಲ. ಮಳೆಗಾಲದಲ್ಲಿ ಕೊಡಗಿನ ಬೆಟ್ಟದ ಮಂಜು ಹೇಗಿರುತ್ತದೆಂದು ಆ ಮೂವರಿಗೂ ಗೊತ್ತಿರುವುದರಿಂದ ಅರ್ಧ ಕೆಲಸ ಆಗಲೇ ಆಗಿದೆ. ಇಡೀ ಕಥೆಯನ್ನು ವಿವರಿಸಹೊರಟರೆ ಗೊತ್ತಿದ್ದವರಿಗೆ ಸಪ್ಪೆಯಾಗುತ್ತದೆ. ಆದ್ದರಿಂದ ಸಂದರ್ಭವನ್ನಷ್ಟೇ ಒಂದು ವಾಕ್ಯದಲ್ಲಿ ಹೇಳಿ, ನಂತರ ಆ ಮಾತನ್ನು ಹೊಸಬರೂ ಕಣ್ಣಾರೆ ಕಂಡಿರುವ ಮೇಷ್ಟ್ರ ಗುಣವೊಂದಕ್ಕೆ ಜೋಡಿಸಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ತಲಕಾವೇರಿಯ ಮಂಜಿನಲ್ಲಿ ‘ಈಗ ಸರಿಯುತ್ತದೆ, ಇರಿ’ ಎಂದು ನಮ್ಮನ್ನೆಲ್ಲ ಕಾಯಿಸಿದ ಮೇಷ್ಟ್ರಿಗೆ ಹುಟ್ಟುಹಬ್ಬದ ಶುಭಾಶಯಗಳು. ಲೆಕ್ಕ ಬಾರದೆ ಅಳುವ ಮಕ್ಕಳ ಪಕ್ಕದಲ್ಲಿ ಕುಳಿತಾಗಲೂ ನಿಮ್ಮದು ಅದೇ ಭರವಸೆ, ಸರ್.”

ಎರಡನೆಯ ವಾಕ್ಯವೇ ಇಲ್ಲಿ ಮುಖ್ಯ. ಪ್ರವಾಸಕ್ಕೆ ಬಾರದವರು ಕೂಡ ಅದನ್ನು ಓದಿ ‘ಹೌದು, ನಾವೂ ನೋಡಿದ್ದೇವೆ’ ಎನ್ನಬಹುದು. ಮಕ್ಕಳ ಮಾತಿನ ಬದಲು ನಿಮ್ಮ ಮೇಷ್ಟ್ರಿಗೆ ನಿಜವಾಗಿ ಒಪ್ಪುವುದನ್ನು ಹಾಕಿಕೊಳ್ಳಿ. ಸಂಬಳದ ಮಾತನ್ನು ಮಾತ್ರ ಇಲ್ಲಿ ತರಬೇಡಿ: ಗುಂಪಿನಲ್ಲಿ ಮುಖ್ಯೋಪಾಧ್ಯಾಯರೂ ಇದ್ದರೆ ಅದು ದೂರಿನಂತೆ ಕೇಳಿಸೀತು, ಮೇಷ್ಟ್ರ ದಿನ ಬೇರೆಯದೇ ಚರ್ಚೆಯಾದೀತು.

ಕಳುಹಿಸುವ ಮೊದಲು ಪ್ರವಾಸದ ಸುದ್ದಿಯೇ ಗೊತ್ತಿಲ್ಲದ ಯಾರಿಗಾದರೂ ಓದಿ ಹೇಳಿ. ಅವರಿಗೆ ನಗು ಬರಬೇಕಿಲ್ಲ. ಮೇಷ್ಟ್ರನ್ನು ಯಾವ ಗುಣಕ್ಕೆ ಮೆಚ್ಚಿದ್ದೀರಿ ಎಂಬುದು ತಿಳಿದರೆ ಸಾಕು. ‘ಯಾಕೆ ಕಾಯಿಸಿದರು, ಆಮೇಲೇನಾಯಿತು’ ಎಂದು ಅವರು ಕೇಳುತ್ತಲೇ ಹೋದರೆ ಆ ಸಾಲನ್ನು ಗುಂಪಿನಿಂದ ತೆಗೆದು ಮೇಷ್ಟ್ರಿಗೆ ಪ್ರತ್ಯೇಕವಾಗಿ ಕಳುಹಿಸಿ.

ಸಂದೇಶ ಹಾಕಿದ ಮೇಲೂ ಸ್ವಲ್ಪ ಗಮನವಿರಲಿ. ಹಳಬರು ಆ ದಿನದ ಇನ್ನಷ್ಟು ಪ್ರಸಂಗಗಳನ್ನು ಸೇರಿಸತೊಡಗುವುದು ಸಹಜ, ಹೊಸಬರು ನಿಜಕ್ಕೂ ಹೊರಗುಳಿಯುವುದು ಆಗಲೇ. ಅವರಲ್ಲೊಬ್ಬರು ‘ಇದೇನು ಕಥೆ?’ ಎಂದು ಕೇಳಿದರೆ ‘ನೀವು ಅಲ್ಲಿರಬೇಕಿತ್ತು’ ಎನ್ನದೆ, ಗುಂಪಿನಲ್ಲೇ ಎರಡು ಸಾಲಿನಲ್ಲಿ ಹೇಳಿಬಿಡಿ. ಮೇಷ್ಟ್ರೇ ಹೇಳಿದರೆ ಇನ್ನೂ ಒಳ್ಳೆಯದು.