ಹಳೆಯ ಲೇಖನಗಳಲ್ಲೇ ಇದೆ ತಿಂಗಳ ಕೆಲಸ

ಪ್ರಶ್ನೆ: ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಬೆಂಗಳೂರಿನ ಸಣ್ಣ ಕಂಪನಿಗೆ ತಿಪಟೂರಿನಲ್ಲೇ ಕೂತು ಇಂಗ್ಲಿಷಿನಲ್ಲಿ 40 ಸಹಾಯ ಲೇಖನ ಬರೆದುಕೊಟ್ಟೆ. ಪದಕ್ಕಿಷ್ಟು ಅಂತ ದುಡ್ಡು ಕೊಟ್ಟರು. ಮೂರು ತಿಂಗಳಿಂದ ಫೋನೇ ಇಲ್ಲ. ತಿಂಗಳು ತಿಂಗಳೂ ಕೆಲಸ ಸಿಗಲು ಏನು ಮಾಡಬೇಕು?

ಉತ್ತರ: ಹೊಸ ಕಂಪನಿ ಹುಡುಕುವ ಮೊದಲು ಇದೇ ಕಂಪನಿಯ ಬಾಗಿಲು ಮತ್ತೊಮ್ಮೆ ತಟ್ಟಿ. ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಬದಲಾಗಿದ್ದರೆ ನಿಮ್ಮ ಲೇಖನಗಳಲ್ಲಿ ಕೆಲವು ಹಳಸಿರುತ್ತವೆ. ಎಷ್ಟು ಹಳಸಿವೆ ಎಂದು ತೋರಿಸುವುದೇ ನಿಮ್ಮ ಅರ್ಜಿ.

ಪ್ರತಿ ಹೊಸ ಆವೃತ್ತಿಯಲ್ಲಿ ಏನೇನು ಬದಲಾಯಿತು ಎಂದು ಹೇಳುವ ರಿಲೀಸ್ ನೋಟ್‌ಗಳನ್ನು ಈ ಅವಧಿಗೆ ಓದಿ, ಹೆಸರು ಬದಲಾದ ಬಟನ್, ಮೆನುಗಳನ್ನು ಪಟ್ಟಿ ಮಾಡಿ. `Save Draft` ಎಂದಿದ್ದದ್ದು `Hold Bill` ಆಗಿದೆ ಎಂದುಕೊಳ್ಳಿ. ಲೇಖನಗಳು ಮಾರ್ಕ್‌ಡೌನ್ ಫೈಲ್‌ಗಳಾಗಿ `docs` ಫೋಲ್ಡರಿನಲ್ಲಿದ್ದರೆ ಟರ್ಮಿನಲ್‌ನಲ್ಲಿ ಹೀಗೆ ಹುಡುಕಬಹುದು:

```
grep -rn "Save Draft" docs/
```

ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ಹಳೆಯ ಹೆಸರು ಉಳಿದಿದೆ ಎಂದು ಇದು ಹೇಳುತ್ತದೆ. ಆದರೆ ಸ್ಕ್ರೀನ್‌ಶಾಟ್ ಒಳಗಿನ ಅಕ್ಷರ ಇದಕ್ಕೆ ಕಾಣುವುದಿಲ್ಲ. ಎಡವುವುದು ಇಲ್ಲೇ: ಸಾಲಿನಲ್ಲಿ ಹೊಸ ಹೆಸರು, ಚಿತ್ರದಲ್ಲಿ ಹಳೆಯದು. ಯಾವುದನ್ನು ನಂಬುವುದೆಂದು ತಿಳಿಯದೆ ಮಂಡಿಯ ಗುಮಾಸ್ತ ಸಪೋರ್ಟ್‌ಗೆ ಫೋನ್ ಮಾಡುತ್ತಾನೆ. ಚಿತ್ರಗಳಿಗೆ `image12.png` ಎನ್ನುವ ಬದಲು `bill-entry-save.png` ಎಂಬಂತೆ ಪರದೆಯ ಹೆಸರಿಟ್ಟಿದ್ದರೆ ಅವನ್ನೂ ಹೀಗೇ ಹುಡುಕಬಹುದು. ಇಲ್ಲದಿದ್ದರೆ ಒಂದೊಂದನ್ನೇ ತೆರೆದು ನೋಡಬೇಕು, ಬೇರೆ ದಾರಿಯಿಲ್ಲ.

ಸಿಕ್ಕಿದ್ದನ್ನು ಒಂದು ಪುಟದಲ್ಲಿ ಬರೆದು ಸಪೋರ್ಟ್ ವಿಭಾಗದ ಮುಖ್ಯಸ್ಥರಿಗೆ ಕಳಿಸಿ. ಮಾರ್ಕೆಟಿಂಗ್‌ನವರಿಗೆ ಬೇಡ, ತಪ್ಪು ಲೇಖನದಿಂದ ಬರುವ ಫೋನ್ ಎತ್ತುವವರು ಸಪೋರ್ಟಿನವರು. ಒಂದು ಲೇಖನವನ್ನು ಮಾತ್ರ ನೀವೇ ಸರಿಪಡಿಸಿ ಜೊತೆಗಿಡಿ. ಎಲ್ಲವನ್ನೂ ಪುಕ್ಕಟೆ ಮಾಡಿಕೊಟ್ಟರೆ ಕೆಲಸವೇ ಮುಗಿದುಹೋಯಿತು.

ಅವರು ಒಪ್ಪಿದರೆ ಪದದ ಲೆಕ್ಕ ಬಿಡಿ. ಆರು ಸಾಲಿನ ಹಂತವನ್ನು ಎರಡಕ್ಕೆ ಇಳಿಸುವುದೇ ಒಳ್ಳೆಯ ತಿದ್ದುಪಡಿ. ಪದಕ್ಕೆ ದುಡ್ಡಾದರೆ ಅದಕ್ಕೆ ನಿಮಗೇ ನಷ್ಟ. ಗಂಟೆಯ ಮೇಲೆ ಲೆಕ್ಕ ಹಾಕಿ. ಎರಡು ವಾರಕ್ಕೊಂದು ರಿಲೀಸ್ ಇದ್ದು, ಪ್ರತಿ ಸಲ ನಾಲ್ಕು ಲೇಖನ ತಿದ್ದಬೇಕೆಂದರೆ, ಲೇಖನಕ್ಕೊಂದು ಗಂಟೆಯಂತೆ ತಿಂಗಳಿಗೆ ಎಂಟು ಗಂಟೆ. ರಿಲೀಸ್ ನೋಟ್ ಬರೆಯಲು ಎರಡೆರಡರಂತೆ ನಾಲ್ಕು. ಹೊಸ ಲೇಖನ ಎರಡು: ಬಳಸಿ ನೋಡುವುದು, ಎಂಜಿನಿಯರ್ ಜೊತೆ ಮಾತು, ಬರವಣಿಗೆ, ಚಿತ್ರ, ತಿದ್ದುಪಡಿ ಸೇರಿ ಆರಾರು ಗಂಟೆ. ಒಟ್ಟು 24. ಗಂಟೆಗೆ 500 ರೂಪಾಯಿ ಹಿಡಿದರೆ ತಿಂಗಳಿಗೆ 12,000. ಇಂಥ ಎರಡು ಮೂರು ಕಂಪನಿಗಳಾದರೆ ಕೈತುಂಬ ಕೆಲಸ.

ಒಪ್ಪಂದದಲ್ಲಿ ಎರಡು ಮಾತು ಬರೆಸಿಕೊಳ್ಳಿ. ರಿಲೀಸ್‌ಗೆ ಐದು ದಿನ ಮೊದಲೇ ಟೆಸ್ಟ್ ಅಕೌಂಟಿನಲ್ಲಿ ಹೊಸ ಪರದೆ ನಿಮಗೆ ಸಿಗಬೇಕು. ಇಲ್ಲವಾದರೆ ಗ್ರಾಹಕರು ನೋಡಿದ ದಿನವೇ ನೀವೂ ನೋಡುತ್ತೀರಿ. ಇನ್ನೊಂದು, ಎಂಜಿನಿಯರ್ ಪರಿಶೀಲನೆ ತಡವಾದರೂ ತಿಂಗಳ ಬಿಲ್ ನಿಲ್ಲಬಾರದು. ಲೇಖನ ‘ಪ್ರಕಟವಾದ ಮೇಲೆ’ ಹಣ ಎಂದಿದ್ದರೆ ಅದನ್ನು ‘ಕರಡು ಒಪ್ಪಿಸಿದ ಮೇಲೆ’ ಎಂದು ತಿದ್ದಿಸಿ.