ಜೇಬಿನ ಮೇಲಿನ ಕನ್ನಡ ಹೆಸರು: ಒತ್ತಕ್ಷರ ಗಂಟಾಗುವುದೇಕೆ?

ಪ್ರಶ್ನೆ: ಮೇಡಂ, ಒಂದು ಮೆಸ್‌ನವರಿಗೆ ಏಪ್ರನ್ ಜೇಬಿನ ಮೇಲೆ ‘ಅನ್ನಪೂರ್ಣ’ ಅಂತ ಮೆಷಿನ್ ಕಸೂತಿ ಮಾಡಿಕೊಡಬೇಕು. 8 ಮಿ.ಮೀ. ಎತ್ತರ ಇರಲಿ ಅಂದಿದ್ದಾರೆ. ಅಷ್ಟರಲ್ಲಿ ಇಂಗ್ಲಿಷ್ ಚೆನ್ನಾಗೇ ಬರುತ್ತೆ, ಕನ್ನಡ ಮಾತ್ರ ಒತ್ತಕ್ಷರದ ಹತ್ತಿರ ಗಂಟಾಗುತ್ತೆ. ಯಾವ ಫಾಂಟ್ ಹಾಕಲಿ?

ಫಾಂಟ್ ಆಮೇಲೆ. ಆ 8 ಮಿ.ಮೀ. ಎಲ್ಲಿಂದ ಎಲ್ಲಿಯವರೆಗೆ? ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಲೇ ಇದೆ, ಮತ್ತು ಕೇಳುವವರಲ್ಲಿ ಹೆಚ್ಚಿನವರು ಎತ್ತರವನ್ನು ಇಂಗ್ಲಿಷ್ ಲೆಕ್ಕದಲ್ಲೇ ಹಿಡಿದಿರುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ 8 ಮಿ.ಮೀ. ಕೊಟ್ಟರೆ ಅಷ್ಟೂ ಅದಕ್ಕೇ ಸಿಗುತ್ತದೆ. ಕನ್ನಡದಲ್ಲಿ ಮೇಲೆ ತಲೆಕಟ್ಟು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು, ಮೂರೂ ಅಷ್ಟರಲ್ಲೇ ಹೊಂದಿಕೊಳ್ಳಬೇಕು. ಸುಮಾರಾಗಿ ಮೂರರಲ್ಲಿ ಒಂದು ಪಾಲು ಒತ್ತಿಗೆ ಹೋಗುತ್ತದೆ. ಅಂದರೆ ನಿಮ್ಮ ‘ನ್ನ’ದ ಒತ್ತಿಗೆ ಸಿಕ್ಕಿದ್ದು ಬರೀ 2.7 ಮಿ.ಮೀ.

ಈಗ ದಾರದ ಲೆಕ್ಕ ನೋಡಿ. ನೀವು ಬಳಸುವ ಮಾಮೂಲಿ ಕಸೂತಿ ದಾರ, ಕೋನಿನ ಮೇಲೆ 120D/2 ಅಂತ ಇರುವುದು, 40 ನಂಬರಿನದು. ಅದರ ದಪ್ಪವೇ ಸುಮಾರು 0.4 ಮಿ.ಮೀ. ಆ ದಾರದಲ್ಲಿ ಸ್ಯಾಟಿನ್ ಗೆರೆ, ಅಂದರೆ ಅಡ್ಡ ಎಳೆಗಳನ್ನು ಪಕ್ಕಪಕ್ಕದಲ್ಲಿ ಹೊಲಿದ ಪಟ್ಟಿ, ಗೆರೆಯಾಗಿ ಕಾಣಬೇಕಾದರೆ ಕನಿಷ್ಠ 1 ಮಿ.ಮೀ. ಅಗಲ ಬೇಕು. ಎರಡು ಗೆರೆಗಳ ನಡುವಿನ ಬಯಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಇಲ್ಲದಿದ್ದರೆ ದಾರದ ಉಬ್ಬಿನಲ್ಲಿ ಅದು ಮುಚ್ಚಿಹೋಗುತ್ತದೆ. ಒತ್ತಿನಲ್ಲಿ ಒಂದು ಗೆರೆ, ಒಂದು ಬಯಲು, ಇನ್ನೊಂದು ಗೆರೆ ಅಂತ ಲೆಕ್ಕ ಹಾಕಿದರೂ 3 ಮಿ.ಮೀ. ಆಯಿತು. ನಿಮ್ಮ ಹತ್ತಿರ ಇರುವುದು 2.7. ಜಗತ್ತಿನ ಯಾವ ಫಾಂಟ್ ಹಾಕಿದರೂ ಅಲ್ಲಿ ಗಂಟೇ ಆಗುತ್ತದೆ.

ಹಾಗಾಗಿ ಗಿರಾಕಿಗೆ ಹೇಳಿ: ತಲೆಕಟ್ಟಿನಿಂದ ಒತ್ತಿನ ಬುಡದವರೆಗೆ 12 ಮಿ.ಮೀ. ಆಗ ಒತ್ತಿಗೆ 4, ಮೈಗೆ 8 ಸಿಗುತ್ತದೆ. ಪದದ ಉದ್ದ ಸುಮಾರು 5 ಸೆಂ.ಮೀ. ಆಗುತ್ತದೆ, ಏಪ್ರನ್ ಜೇಬಿನ ಮೇಲೆ ಆರಾಮಾಗಿ ಕೂರುತ್ತದೆ. ಎರಡು ಅಳತೆಯಲ್ಲೂ ಪದವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಜೇಬಿಗೆ ಪಿನ್ ಮಾಡಿ ತೋರಿಸಿ. 8 ಮಿ.ಮೀ. ಬೇಕು ಅಂದವರು ಆ ಅಳತೆಯನ್ನು ಕಣ್ಣಾರೆ ಕಂಡು ಹೇಳಿರುವುದಿಲ್ಲ, ಸುಮ್ನೆ ಒಂದು ಸಂಖ್ಯೆ ಹೇಳಿರುತ್ತಾರೆ.

ಇನ್ನು ಫಾಂಟ್. ನೋಡಬೇಕಾದ್ದು ಎರಡೇ. ಗೆರೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಒಳಗಿನ ಬಯಲುಗಳು ಅಗಲವಾಗಿರಬೇಕು. ಒಂದು ಕಡೆ ದಪ್ಪ, ಒಂದು ಕಡೆ ಕೂದಲೆಳೆಯಷ್ಟು ಸಣ್ಣ ಇರುವ ಫಾಂಟ್ ಪುಸ್ತಕದಲ್ಲಿ ಚೆಂದ, ಆದರೆ 8 ಮಿ.ಮೀ. ಮೈಯಲ್ಲಿ ಆ ಸಣ್ಣ ಭಾಗ ಅರ್ಧ ಮಿ.ಮೀ.ಗೂ ಕಮ್ಮಿಯಾಗಿ ಸೂಜಿ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಇಳಿಯುತ್ತದೆ. ಅದಕ್ಕೇ ನೋಟೋ ಸೆರಿಫ್ ಕನ್ನಡದಂಥವು ಇಲ್ಲಿ ಬೇಡ. ಬಾಲೂ ತಮ್ಮದ ದಪ್ಪ ರೂಪವೂ ಬೇಡ, ಅದರ ಗೆರೆ ಬಯಲನ್ನು ನುಂಗುತ್ತದೆ. ಹುಬ್ಬಳ್ಳಿ ಫಾಂಟ್ ಒಂದೇ ದಪ್ಪದ ಗೆರೆಯದು, ಚೆನ್ನಾಗಿ ಒಗ್ಗುತ್ತದೆ. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು, ಹಾಗಾಗಿ ನಾನು ಜಾಸ್ತಿ ಬಳಸುವುದು ಅದನ್ನೇ, ಅಗಲದ ರೂಪದಲ್ಲಿ. ಗೆರೆಯ ದಪ್ಪ ಅಕ್ಷರದ ಮೈಯ ಎಂಟನೇ ಒಂದು ಪಾಲಿನ ಹತ್ತಿರ ಬರುವಂತೆ ಆರಿಸಿ. 8 ಮಿ.ಮೀ. ಮೈಗೆ 1 ಮಿ.ಮೀ. ಗೆರೆ, ಲೆಕ್ಕ ಸುಲಭ.

ಪದವನ್ನು ಕಸೂತಿ ಸಾಫ್ಟ್‌ವೇರಿನಲ್ಲೇ ನೇರ ಟೈಪ್ ಮಾಡಬೇಡಿ. ಎಷ್ಟೋ ಸಾಫ್ಟ್‌ವೇರುಗಳು ಕನ್ನಡದ ಒತ್ತನ್ನು ಅದರ ಜಾಗದಲ್ಲಿ ಕೂರಿಸುವುದಿಲ್ಲ, ‘ನ್ನ’ ಹೋಗಿ ‘ನ್‌ನ’ ಆಗುತ್ತದೆ, ಅರ್ಕಾವೊತ್ತು ಎಲ್ಲೋ ಹಾರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, `Path > Object to Path` ಕೊಟ್ಟು, ಆ ಆಕಾರವನ್ನು ತೆಗೆದುಕೊಂಡು ಹೋಗಿ. ಆಮೇಲೆ ಸ್ಯಾಟಿನ್ ಗೆರೆಗಳನ್ನು ಅದರ ಮೇಲೆ ನೀವೇ ಎಳೆಯಿರಿ. ಇಷ್ಟು ಸಣ್ಣ ಅಕ್ಷರದಲ್ಲಿ, ಆಕಾರಕ್ಕೆ ತಾನೇ ಹೊಲಿಗೆ ತುಂಬುವ ಆಟೋ ಬಟನ್ ನಂಬುವ ಹಾಗಿಲ್ಲ.

ಎಳೆಯುವಾಗ ಮೂರು ಜಾಗಗಳಲ್ಲಿ ಕೈ ನಿಧಾನ ಮಾಡಿ. ಮೊದಲನೆಯದು ಮೈಗೂ ಒತ್ತಿಗೂ ನಡುವಿನ ಸಂದು. ಸ್ಯಾಟಿನ್ ಹೊಲಿಗೆ ಬಟ್ಟೆಯನ್ನು ಅಡ್ಡಕ್ಕೆ ಎಳೆಯುತ್ತದೆ, ಉದ್ದಕ್ಕೆ ತಳ್ಳುತ್ತದೆ. ಅಂದರೆ ಗೆರೆ ಅಗಲದಲ್ಲಿ ಕುಗ್ಗುತ್ತದೆ, ತುದಿಯಲ್ಲಿ ಬೆಳೆಯುತ್ತದೆ. ಒತ್ತಿನಲ್ಲಿ ಮೇಲ್ಮುಖವಾಗಿ ಮುಗಿಯುವ ಗೆರೆಯ ತುದಿ ಹೀಗೆ ಬೆಳೆದು ಮೇಲಿನ ‘ನ’ದ ಹೊಟ್ಟೆಗೆ ತಾಗುತ್ತದೆ. ನೀವು ಹೇಳುವ ಗಂಟು ಹೆಚ್ಚಾಗಿ ಹುಟ್ಟುವುದೇ ಇಲ್ಲಿ. ಪರದೆಯ ಮೇಲೆ ಸಂದು ಕಂಡರೆ ಸಾಲದು, 1 ಮಿ.ಮೀ. ಇದೆಯಾ ಅಂತ ಅಳೆಯಿರಿ, ಇಲ್ಲದಿದ್ದರೆ ಒತ್ತನ್ನು ಅಷ್ಟು ಕೆಳಗೆ ಸರಿಸಿ. ಗೆರೆ ಕುಗ್ಗುವುದಕ್ಕೆ ಪುಲ್ ಕಾಂಪೆನ್ಸೇಶನ್ 0.2 ಮಿ.ಮೀ. ಕೊಡಿ. ಏಪ್ರನ್ನಿನ ಡ್ರಿಲ್ ಬಟ್ಟೆಗೆ ಅಷ್ಟು ಸಾಕು.

ಎರಡನೆಯದು ‘ಣ’. ಪಕ್ಕಪಕ್ಕದಲ್ಲಿ ಅಷ್ಟೊಂದು ಬಾಗು ಇರುವ ಅಕ್ಷರ ಬೇರೆ ಕಮ್ಮಿ, ಜೊತೆಗೆ ಅದರ ಬಲಕ್ಕೆ ಅರ್ಕಾವೊತ್ತು ಬೇರೆ. ಈ ಒಂದು ಅಕ್ಷರವನ್ನು ಉಳಿದವಕ್ಕಿಂತ ಸ್ವಲ್ಪ ಅಗಲ ಮಾಡಿ, ಓದುವವರಿಗೆ ಅದು ಗೊತ್ತೇ ಆಗುವುದಿಲ್ಲ. ಮೂರನೆಯದು ‘ಅ’ದ ಒಳಸುರುಳಿ. ಅದು ಪೂರ್ತಿ ಸುತ್ತಿ ಮುಚ್ಚಿಕೊಂಡಿದ್ದರೆ ಬಿಡಿಸಿ, ಒಳಗೆ 1 ಮಿ.ಮೀ. ಬಯಲು ಉಳಿಸಿ.

ಹೊಲಿಗೆ ಸಾಂದ್ರತೆ ಜಾಸ್ತಿ ಮಾಡಿದರೆ ಸಣ್ಣಕ್ಷರ ನೀಟಾಗುತ್ತದೆ ಅಂತ ಯಾರು ಹಬ್ಬಿಸಿದರೋ ಗೊತ್ತಿಲ್ಲ, ದಯವಿಟ್ಟು ಅದನ್ನು ಕೇಳಬೇಡಿ. ಎಳೆಯಿಂದ ಎಳೆಗೆ 0.4 ಮಿ.ಮೀ. ಇರುವುದನ್ನು 0.3ಕ್ಕೆ ಇಳಿಸಿದರೆ ಅಷ್ಟೇ ಜಾಗಕ್ಕೆ ಜಾಸ್ತಿ ದಾರ ತುರುಕಿದ ಹಾಗಾಯಿತು. ಅಕ್ಷರ ಗಟ್ಟಿಯಾಗುತ್ತದೆ, ದಾರ ಕಡಿಯುತ್ತದೆ, ಬಟ್ಟೆಯೂ ಅಂಚಿನಲ್ಲಿ ಹರಿಯಬಹುದು. ಸಣ್ಣಕ್ಷರಕ್ಕೆ ನಾನು 0.45ರವರೆಗೆ ಸಡಿಲ ಬಿಡುತ್ತೇನೆ. ಅಡಿಹೊಲಿಗೆಯೂ ನಡುವೆ ಓಡುವ ಒಂದೇ ಸಾಲು ಸಾಕು. 1 ಮಿ.ಮೀ. ಗೆರೆಯ ಕೆಳಗೆ ಜಿಗ್‌ಜಾಗ್ ಅಡಿಹೊಲಿಗೆ ಕೊಟ್ಟರೆ ಅದು ಬದಿಯಿಂದ ಇಣುಕುತ್ತದೆ. ಅರ್ಧ ಮಿ.ಮೀ.ಗಿಂತ ಚಿಕ್ಕ ಹೊಲಿಗೆಗಳನ್ನು ಹುಡುಕಿ ಅಳಿಸಿ. ಮೆಷಿನ್ ವೇಗವನ್ನು ನಿಮಿಷಕ್ಕೆ 600 ಹೊಲಿಗೆಗೆ ಇಳಿಸಿ. ಬಟ್ಟೆಯ ಹಿಂದೆ ಇಡುವ ಬ್ಯಾಕಿಂಗ್‌ನಲ್ಲಿ, ಡ್ರಿಲ್ ಬಟ್ಟೆಗೆ ಕೈಯಿಂದ ಹರಿದು ತೆಗೆಯುವಂಥದ್ದು ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೋಟೆಲ್ ಏಪ್ರನ್ ದಿನಾ ಬಿಸಿನೀರಿನಲ್ಲಿ ಒಗೆಸಿಕೊಳ್ಳುತ್ತದೆ, ಕತ್ತರಿಸುವ ಬ್ಯಾಕಿಂಗ್ ಹಾಕಿ.

ಗಿರಾಕಿ 12ಕ್ಕೆ ಒಪ್ಪದೆ 10 ಅಂದರೆ? 60 ನಂಬರಿನ ದಾರ ತನ್ನಿ, ಪಾಲಿಯೆಸ್ಟರ್ ಕೋನಿನ ಮೇಲೆ 75D/2 ಅಂತ ಇರುತ್ತದೆ. ಸೂಜಿ 75/11 ತೆಗೆದು 65/9 ಹಾಕಿ. ಆಗ ಗೆರೆ 0.8 ಮಿ.ಮೀ.ಗೆ ಇಳಿಯಬಹುದು, ಒತ್ತಿಗೆ ಬೇಕಾದ್ದು 2.4, ಸಿಗುವುದು 3.3, ನಡೆಯುತ್ತದೆ. 8ಕ್ಕೇ ಹಟ ಹಿಡಿದರೆ ಈ ದಾರದಲ್ಲೂ ಮೈಗೂ ಒತ್ತಿಗೂ ನಡುವಿನ ಸಂದಿಗೆ ಜಾಗ ಉಳಿಯುವುದಿಲ್ಲ, ಸ್ಯಾಟಿನ್ ಬಿಟ್ಟುಬಿಡಿ, ಇಡೀ ಪದವನ್ನು ಮೂರು ಸಲ ಓಡುವ ರನ್ನಿಂಗ್ ಹೊಲಿಗೆಯಲ್ಲಿ ಹಾಕಿ. ಒತ್ತನ್ನು ಮಾತ್ರ ರನ್ನಿಂಗಿನಲ್ಲಿ, ಮೈಯನ್ನು ಸ್ಯಾಟಿನ್‌ನಲ್ಲಿ ಮಾಡಿದರೆ ಒತ್ತು ಬಿಟ್ಟುಹೋದ ಹಾಗೆ ಕಾಣುತ್ತದೆ.

ಬೇರೆ ಬಟ್ಟೆಯ ತುಂಡಿನ ಮೇಲೆ ಹಾಕಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಅದೇ ಡ್ರಿಲ್‌ನ ತುಂಡು ಬೇಕು. ಫ್ರೇಮಿನಿಂದ ತೆಗೆದ ಮೇಲೆ, ಕೈಚಾಚಿದಷ್ಟು ದೂರದಿಂದ, ಪದ ಗೊತ್ತಿಲ್ಲದವರ ಹತ್ತಿರ ಓದಿಸಿ. ನೀವೇ ಓದಿದರೆ ಏನು ಹಾಕಿದ್ದೀರೋ ಅದೇ ಕಾಣುತ್ತದೆ.

ಪ್ರಶ್ನೆ: ಅಂಗಡಿ ಹೆಸರು ‘ಧನಲಕ್ಷ್ಮಿ’. ಅದನ್ನು 9 ಮಿ.ಮೀ.ನಲ್ಲಿ ಟೀಶರ್ಟ್ ಮೇಲೆ ಹಾಕಿಸಬಹುದಾ?

ಬೇಡ. ‘ಧ’ದ ಕೆಳಗಿನ ಸೀಳು ಅಷ್ಟು ಸಣ್ಣದರಲ್ಲಿ ಮುಳುಗಿಹೋಗಿ ‘ದ’ ಆಗುತ್ತದೆ, ಆಮೇಲೆ ಅಂಗಡಿಯವರು ದುಡ್ಡು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ‘ಕ್ಷ್ಮಿ’ಯಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು, ಅದಕ್ಕೆ 12 ಮಿ.ಮೀ. ಕೂಡ ಸಾಲದು. ಮೈಯೇ 9 ಇರುವಂತೆ, ಒಟ್ಟು 16ರ ಹತ್ತಿರ ಹೋಗಿ. ಟೀಶರ್ಟಿಗೆ ಕತ್ತರಿಸುವ ಬ್ಯಾಕಿಂಗ್ ಇಲ್ಲದೆ ಅಕ್ಷರ ಹಾಕಲೇಬೇಡಿ.

ಪ್ರಶ್ನೆ: 25 ಮಿ.ಮೀ.ಗೆ ಮಾಡಿದ ಡಿಎಸ್‌ಟಿ ಫೈಲ್ ಇದೆ. ಮೆಷಿನ್ನಿನಲ್ಲೇ 8ಕ್ಕೆ ಇಳಿಸಿದರೆ ಆಗಲ್ವಾ?

ಆಗಲ್ಲ. ಆ ಫೈಲಿನಲ್ಲಿ ಇರುವುದು ಬರೀ ಹೊಲಿಗೆಗಳು. ಸಾಮಾನ್ಯವಾಗಿ ಮೆಷಿನ್ನು ಅಷ್ಟೂ ಹೊಲಿಗೆಯನ್ನು ಮೂರನೇ ಒಂದು ಪಾಲು ಎತ್ತರದಲ್ಲಿ ಒತ್ತಿ ತುಂಬುತ್ತದೆ. ನೂರಕ್ಕೆ ಹತ್ತರಷ್ಟು ಏರಿಸಿ ಇಳಿಸಬಹುದು, ಅದಕ್ಕಿಂತ ಜಾಸ್ತಿ ಬೇಕಾದರೆ ಹೊಸದಾಗಿ ಮಾಡಿಸಿ.

ಪ್ರಶ್ನೆ: ಒಬ್ಬರು ಯಾವ ಫಾಂಟಿದ್ದರೂ ಫೋಟೋ ಕಳಿಸಿ, ಐದು ನಿಮಿಷದಲ್ಲಿ ಕಸೂತಿ ಫೈಲ್ ಕೊಡ್ತೀವಿ ಅಂತಾರೆ. ನಂಬಬಹುದಾ?

ಎತ್ತರ ಎಷ್ಟು, ಬಟ್ಟೆ ಯಾವುದು ಅಂತ ಅವರು ಕೇಳಿದರಾ? ಕೇಳದಿದ್ದರೆ ಅವರು ಫೋಟೋವನ್ನು ಆಟೋ ಬಟನ್ನಿಗೆ ಕೊಟ್ಟು ದುಡ್ಡು ತೆಗೆದುಕೊಳ್ಳುತ್ತಿದ್ದಾರೆ. ಆ ಫೈಲನ್ನು ಸರಿಮಾಡಿಕೊಡಿ ಅಂತ ನನ್ನ ಹತ್ತಿರ ತಂದರೆ ನಾನು ಮುಟ್ಟುವುದಿಲ್ಲ, ಮೊದಲಿಂದ ಮಾಡುವುದೇ ಬೇಗ.

ಪ್ರಶ್ನೆ: ಮದುವೆ ಕರ್ಚೀಫಿಗೆ ಗಂಡು ಹೆಣ್ಣಿನ ಇಂಗ್ಲಿಷ್ ಇನಿಷಿಯಲ್, ಬಳ್ಳಿ ಥರದ ಕೂಡಕ್ಷರದಲ್ಲಿ, 6 ಮಿ.ಮೀ.?

6 ಮಿ.ಮೀ.ನಲ್ಲಿ ಬಳ್ಳಿಯಕ್ಷರ ಬೇಡ, ಅದರ ಸಣ್ಣ ಗೆರೆಗಳು ಮಾಯವಾಗಿ ಬರೀ ದಪ್ಪ ತುಂಡುಗಳು ಉಳಿಯುತ್ತವೆ. ನೇರ ಗೆರೆಯ ದೊಡ್ಡಕ್ಷರ ಹಾಕಿ. ಬಳ್ಳಿಯೇ ಬೇಕಾದರೆ 15 ಮಿ.ಮೀ. ಮಾಡಿ, ಎರಡು ಅಕ್ಷರ ಒಂದರ ಮೇಲೊಂದು ಹಾಯುವ ಕಡೆ ಕೆಳಗಿನ ಗೆರೆಯನ್ನು ಕಡಿದುಬಿಡಿ. ಕರ್ಚೀಫಿನಂಥ ತೆಳು ಬಟ್ಟೆಯ ಮೇಲೆ ಎರಡು ಪದರ ಸ್ಯಾಟಿನ್ ಬಿದ್ದರೆ ಸುತ್ತ ಸುಕ್ಕು ಕಟ್ಟುತ್ತದೆ.

ಪ್ರಶ್ನೆ: ಜರಿ ದಾರದಲ್ಲಿ ಸಣ್ಣ ಹೆಸರು ಬರುತ್ತಾ?

12 ಮಿ.ಮೀ. ಮೈಗಿಂತ ಚಿಕ್ಕದಕ್ಕೆ ನಾನು ಜರಿ ಮುಟ್ಟುವುದಿಲ್ಲ. ಸಣ್ಣ ತಿರುವುಗಳಲ್ಲಿ ಅದು ಬಾಗುವುದಿಲ್ಲ, ಸೀಳುತ್ತದೆ. ಹೊಳಪು ಬೇಕಿದ್ದರೆ ಚಿನ್ನದ ಬಣ್ಣದ ರೇಯಾನ್ ದಾರ ಹಾಕಿಸಿ.